ನ್ಯೂಟನ್, ಮಿಲಿಮೀಟರ್, ಮೆಗಾಪಾಸ್ಕಲ್: ಸ್ಟ್ರೆಸ್ ಲೆಕ್ಕದಲ್ಲಿ ಸೊನ್ನೆ ಜಾರದಂತೆ ನೋಡಿಕೊಳ್ಳುವುದು ಹೇಗೆ?

ತೊಲೆಯೊಂದರ ಲೆಕ್ಕದಲ್ಲಿ 64 ಮೆಗಾಪಾಸ್ಕಲ್ ಬರಬೇಕಾದ ಕಡೆ 0.000064 ಬಂದರೆ ಯಾರೂ ಮೋಸ ಹೋಗುವುದಿಲ್ಲ. ಎಲ್ಲೋ ಎಡವಿದ್ದೇವೆ ಎಂದು ತಕ್ಷಣ ಗೊತ್ತಾಗುತ್ತದೆ, ಹಿಂದಕ್ಕೆ ಹೋಗಿ ಹುಡುಕುತ್ತೇವೆ. ಆದರೆ 6.4 ಬಂದರೆ? ಉಕ್ಕಿನ ತೊಲೆಗೆ ಅದು ಕಡಿಮೆ, ಆದರೂ ಅಸಾಧ್ಯವೇನಲ್ಲ. "ತೊಲೆ ಸ್ವಲ್ಪ ದೊಡ್ಡದಾಯಿತು, ಇರಲಿ" ಎಂದುಕೊಂಡು ಮುಂದಿನ ಪುಟಕ್ಕೆ ಹೋಗಿಬಿಡುತ್ತೇವೆ. ಏಕಮಾನದ ತಪ್ಪುಗಳಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಈ ಹತ್ತು ಪಟ್ಟಿನ ತಪ್ಪು. ಹತ್ತು ಲಕ್ಷ ಪಟ್ಟಿನ ತಪ್ಪು ಕೂಗಿ ಹೇಳುತ್ತದೆ, ಇದು ಸದ್ದಿಲ್ಲದೆ ಕೂರುತ್ತದೆ.

ಈ ಬರಹದಲ್ಲಿ ಒಂದೇ ಒಂದು ತೊಲೆಯನ್ನು ಹಿಡಿದುಕೊಂಡು ಮೊದಲಿನಿಂದ ಕೊನೆಯವರೆಗೆ ಹೋಗೋಣ. ಎರಡು ತುದಿಯಲ್ಲೂ ಸರಳ ಆಧಾರದ ಮೇಲೆ ಕುಳಿತ ಉಕ್ಕಿನ ತೊಲೆ. ಆಧಾರಗಳ ನಡುವಿನ ಅಂತರ 4 ಮೀಟರ್. ಅಡ್ಡಕೊಯ್ತ ಆಯತಾಕಾರ, ಅಗಲ 50 ಮಿಲಿಮೀಟರ್, ಎತ್ತರ 150 ಮಿಲಿಮೀಟರ್. ಉದ್ದಕ್ಕೂ ಸಮನಾಗಿ ಹರಡಿದ ಭಾರ ಮೀಟರಿಗೆ 6 ಕಿಲೋನ್ಯೂಟನ್. ಉಕ್ಕಿನ ಯಂಗ್ ಮಾಡ್ಯುಲಸ್ 200 ಗಿಗಾಪಾಸ್ಕಲ್. ತೊಲೆಯ ಸ್ವಂತ ತೂಕವನ್ನು ಸದ್ಯಕ್ಕೆ ಬದಿಗಿಡೋಣ.

ಮೊದಲು ಕೂಟ, ಆಮೇಲೆ ಲೆಕ್ಕ

ಒಂದು ಮೆಗಾಪಾಸ್ಕಲ್ ಎಂದರೆ ಒಂದು ಚದರ ಮೀಟರಿನ ಮೇಲೆ ಹತ್ತು ಲಕ್ಷ ನ್ಯೂಟನ್. ಒಂದು ಚದರ ಮೀಟರಿನಲ್ಲಿ ಇರುವುದೂ ಹತ್ತು ಲಕ್ಷ ಚದರ ಮಿಲಿಮೀಟರ್. ಎರಡೂ ಹತ್ತು ಲಕ್ಷಗಳು ಹೊಡೆದುಹೋಗಿ, ಒಂದು ಮೆಗಾಪಾಸ್ಕಲ್ ಎಂದರೆ ಒಂದು ಚದರ ಮಿಲಿಮೀಟರಿಗೆ ಒಂದು ನ್ಯೂಟನ್ ಎಂದು ಉಳಿಯುತ್ತದೆ. ಈ ಮೂರೂ ಒಂದೇ ಕೂಟದಲ್ಲಿ ಸೇರುವುದು ಈ ಕಾರಣದಿಂದ. ಬಲವನ್ನು ನ್ಯೂಟನ್‌ನಲ್ಲಿ, ಉದ್ದವನ್ನು ಮಿಲಿಮೀಟರ್‌ನಲ್ಲಿ ಕೊಟ್ಟರೆ ಸ್ಟ್ರೆಸ್ ತಾನಾಗಿಯೇ ಮೆಗಾಪಾಸ್ಕಲ್‌ನಲ್ಲಿ ಹೊರಬರುತ್ತದೆ, ಕೊನೆಯಲ್ಲಿ ಯಾವುದರಿಂದಲೂ ಗುಣಿಸಬೇಕಾಗಿಲ್ಲ.

ಕೂಟಕ್ಕೆ ಒಪ್ಪಿಕೊಂಡ ಮೇಲೆ ಉಳಿದ ಪರಿಮಾಣಗಳ ಏಕಮಾನವನ್ನು ನಾವು ಆರಿಸುವ ಹಾಗಿಲ್ಲ, ಕೂಟವೇ ಅವನ್ನು ನಿರ್ಧರಿಸುತ್ತದೆ. ಹರಡಿದ ಭಾರ ಮಿಲಿಮೀಟರಿಗೆ ಇಷ್ಟು ನ್ಯೂಟನ್ ಎಂದಾಗುತ್ತದೆ. ಬಾಗಿಸುವ ಮೊಮೆಂಟ್ ನ್ಯೂಟನ್-ಮಿಲಿಮೀಟರ್‌ನಲ್ಲಿ ಬರುತ್ತದೆ. ಸೆಕ್ಷನ್ ಮಾಡ್ಯುಲಸ್ ಮಿಲಿಮೀಟರಿನ ಮೂರನೆಯ ಘಾತ, ಮೊಮೆಂಟ್ ಆಫ್ ಇನರ್ಷಿಯಾ ನಾಲ್ಕನೆಯ ಘಾತ. ಯಂಗ್ ಮಾಡ್ಯುಲಸ್ ಕೂಡ ಮೆಗಾಪಾಸ್ಕಲ್‌ನಲ್ಲೇ ಇರಬೇಕು, ಗಿಗಾಪಾಸ್ಕಲ್‌ನಲ್ಲಿ ಅಲ್ಲ. ಲೆಕ್ಕದ ಹಾಳೆಯ ತಲೆಯಲ್ಲಿ ಇದನ್ನು ಒಂದು ಸಾಲಿನಲ್ಲಿ ಬರೆದಿಡಿ. ಬೇರೆಯವರು ಪರಿಶೀಲಿಸುವಾಗ ಅವರ ಕಣ್ಣು ಮೊದಲು ಹುಡುಕುವುದು ಅದನ್ನೇ.

ಪರಿವರ್ತನೆ ಬಾಗಿಲಲ್ಲೇ ಮುಗಿಯಲಿ

ಎರಡನೆಯ ಹೆಜ್ಜೆ, ಕೊಟ್ಟ ಪ್ರತಿಯೊಂದು ಅಂಕಿಯನ್ನೂ ಸೂತ್ರಕ್ಕೆ ಹಾಕುವ ಮೊದಲೇ ಕೂಟಕ್ಕೆ ಬದಲಾಯಿಸುವುದು. ಸೂತ್ರದ ಒಳಗೇ ಅಲ್ಲೊಂದು ಸಾವಿರ, ಇಲ್ಲೊಂದು ಹತ್ತು ಲಕ್ಷ ಸೇರಿಸುತ್ತಾ ಹೋಗುವ ಅಭ್ಯಾಸ ಬಹಳ ಜನರಲ್ಲಿದೆ. ಹಾಗೆ ಮಾಡಿದ ಲೆಕ್ಕವನ್ನು ವಾರದ ನಂತರ ತೆರೆದರೆ ಯಾವ ಸಾವಿರ ಯಾವ ಪರಿಮಾಣದ್ದು ಎಂದು ಬರೆದವರಿಗೇ ತಿಳಿಯುವುದಿಲ್ಲ.

ನಮ್ಮ ತೊಲೆಯ 4 ಮೀಟರ್ 4000 ಮಿಲಿಮೀಟರ್ ಆಯಿತು. ಮೀಟರಿಗೆ 6 ಕಿಲೋನ್ಯೂಟನ್ ಎಂದರೆ 1000 ಮಿಲಿಮೀಟರಿಗೆ 6000 ನ್ಯೂಟನ್, ಅಂದರೆ ಮಿಲಿಮೀಟರಿಗೆ 6 ನ್ಯೂಟನ್. ಅಂಕಿ ಬದಲಾಗಲೇ ಇಲ್ಲ. ಇದು ಅನುಕೂಲವೂ ಹೌದು, ಬಲೆಯೂ ಹೌದು. ಇಲ್ಲಿ ಬದಲಾಗದ್ದನ್ನು ನೋಡಿದ ಮನಸ್ಸು ಮೊಮೆಂಟಿಗೂ ಅದೇ ರಿಯಾಯಿತಿ ಕೊಟ್ಟುಬಿಡುತ್ತದೆ. ಕಿಲೋನ್ಯೂಟನ್-ಮೀಟರಿನಲ್ಲಿ ಕಿಲೋದ ಸಾವಿರವೂ ಮೀಟರಿನ ಸಾವಿರವೂ ಒಂದನ್ನೊಂದು ಗುಣಿಸುತ್ತವೆ, ಹೊಡೆದುಹೋಗುವುದಿಲ್ಲ. ಆದ್ದರಿಂದ ಒಂದು ಕಿಲೋನ್ಯೂಟನ್-ಮೀಟರ್ ಎಂದರೆ ಹತ್ತು ಲಕ್ಷ ನ್ಯೂಟನ್-ಮಿಲಿಮೀಟರ್. ಪ್ರತಿ ಚದರ ಮೀಟರಿಗೆ ಕಿಲೋನ್ಯೂಟನ್ ಎಂದು ಕೊಟ್ಟ ಭಾರವಾದರೆ ಇನ್ನೊಂದು ದಿಕ್ಕಿಗೆ ಹೋಗುತ್ತದೆ, ಅದನ್ನು 1000ದಿಂದ ಭಾಗಿಸಬೇಕು.

ಲಕ್ಷ, ಕೋಟಿಗಳಲ್ಲಿ ಎಣಿಸಿ ಬೆಳೆದವರು ಇಲ್ಲೊಂದು ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ನಮ್ಮ ಎಣಿಕೆ ಸಾವಿರ ದಾಟಿದ ಮೇಲೆ ಎರಡೆರಡು ಸೊನ್ನೆ ಹಿಡಿದು ಮೇಲೇರುತ್ತದೆ. ಕಿಲೋ, ಮೆಗಾ, ಗಿಗಾ ಮೂರು ಮೂರು ಸೊನ್ನೆ ಹಿಡಿದು ಏರುತ್ತವೆ. ಮೆಗಾ ಎಂದರೆ ಹತ್ತು ಲಕ್ಷ, ಲಕ್ಷವೂ ಅಲ್ಲ ಕೋಟಿಯೂ ಅಲ್ಲ. ಗಿಗಾ ಎಂದರೆ ನೂರು ಕೋಟಿ. ಲಕ್ಷದ ಅಲ್ಪವಿರಾಮ ಹಾಕಿದ ಅಂಕಿಯನ್ನು ಮೆಗಾಕ್ಕೆ ತಿರುಗಿಸುವಾಗ ಒಂದು ಸೊನ್ನೆ ಬಿದ್ದುಹೋಗುವುದು ಸುಲಭ, ಹತ್ತು ಪಟ್ಟಿನ ತಪ್ಪು ಹುಟ್ಟುವ ಒಂದು ಜಾಗ ಇದು. ದೊಡ್ಡ ಅಂಕಿಗಳನ್ನು ಹತ್ತರ ಘಾತದಲ್ಲಿ ಬರೆಯುವುದು ನನಗೆ ಒಗ್ಗಿದ ದಾರಿ. ಉಕ್ಕಿನ ಯಂಗ್ ಮಾಡ್ಯುಲಸ್ಸನ್ನು ಮಾತ್ರ "ಎರಡು ಲಕ್ಷ ಮೆಗಾಪಾಸ್ಕಲ್" ಎಂದೇ ನೆನಪಿಟ್ಟುಕೊಳ್ಳಿ, ಈ ಕೂಟದಲ್ಲಿ ಅದು ಬಾಯಿಗೆ ಚೆನ್ನಾಗಿ ಕೂರುತ್ತದೆ.

ಭಾರವನ್ನು ಕಿಲೋಗ್ರಾಂನಲ್ಲಿ ಕೊಟ್ಟಿದ್ದರೆ ಬಾಗಿಲಲ್ಲಿ ಇನ್ನೊಂದು ಹೆಜ್ಜೆ ಇದೆ, 9.81ರಿಂದ ಗುಣಿಸಬೇಕು. ನಮ್ಮ ತೊಲೆಗೆ "ಮೀಟರಿಗೆ 600 ಕಿಲೋ" ಎಂದು ಹೇಳಿದ್ದರೆ ಅದು ಮೀಟರಿಗೆ 5886 ನ್ಯೂಟನ್, ಸ್ಟ್ರೆಸ್ ಸುಮಾರು 62.8 ಮೆಗಾಪಾಸ್ಕಲ್. ಗುರುತ್ವವನ್ನು ಮರೆತು 600 ನ್ಯೂಟನ್ ಎಂದು ತೆಗೆದುಕೊಂಡರೆ ಸ್ಟ್ರೆಸ್ 6.4 ಎಂದು ಬರುತ್ತದೆ. ಆರಂಭದಲ್ಲಿ ಹೇಳಿದ ಆ ಸದ್ದಿಲ್ಲದ 6.4 ಇದೇ.

ಈಗ ತೊಲೆ

ಬಾಗಿಲ ಕೆಲಸ ಮುಗಿದಿದ್ದರೆ ಲೆಕ್ಕ ಚಿಕ್ಕದು. ಪೈಥಾನ್‌ನಲ್ಲಿ ಬರೆದರೆ ಹೀಗಿರುತ್ತದೆ. ಪ್ರತಿ ಸಾಲಿನ ಕೊನೆಯಲ್ಲಿರುವ ಏಕಮಾನವನ್ನು ಅಲಂಕಾರ ಎಂದು ತಿಳಿಯಬೇಡಿ, ಪರಿಶೀಲಿಸುವವರು ಓದುವುದು ಅದನ್ನೇ.

```
w = 6.0                      # N/mm
L = 4000.0                   # mm
b, d = 50.0, 150.0           # mm
E = 200e3                    # MPa = N/mm^2

I = b*d**3/12                # mm^4
Z = I/(d/2)                  # mm^3
M = w*L**2/8                 # N.mm
sigma = M/Z                  # MPa
delta = 5*w*L**4/(384*E*I)   # mm
```

ಮೊಮೆಂಟ್ ಆಫ್ ಇನರ್ಷಿಯಾ 1,40,62,500 ಮಿಲಿಮೀಟರ್ ನಾಲ್ಕನೆಯ ಘಾತ. ಸೆಕ್ಷನ್ ಮಾಡ್ಯುಲಸ್ 1,87,500 ಘನ ಮಿಲಿಮೀಟರ್. ಮೊಮೆಂಟ್ 1.2 ಕೋಟಿ ನ್ಯೂಟನ್-ಮಿಲಿಮೀಟರ್, ಅಂದರೆ 12 ಕಿಲೋನ್ಯೂಟನ್-ಮೀಟರ್. ಸ್ಟ್ರೆಸ್ 64 ಮೆಗಾಪಾಸ್ಕಲ್. ನಡುವಿನಲ್ಲಿ ತೊಲೆ ಬಾಗುವುದು 7.1 ಮಿಲಿಮೀಟರ್.

ಕೈಯಲ್ಲಿ ಲೆಕ್ಕ ಮಾಡುವವರೂ ಅಂಕಿಯ ಪಕ್ಕದಲ್ಲಿ ಏಕಮಾನವನ್ನು ಬರೆದು, ಅಂಕಿಗಳಂತೆಯೇ ಅವನ್ನೂ ಹೊಡೆದುಹಾಕುತ್ತಾ ಹೋಗಬೇಕು. ಬಾಗಿನ ಸೂತ್ರದಲ್ಲಿ ಒಮ್ಮೆ ಮಾಡಿ ನೋಡಿ. ಮೇಲೆ ನ್ಯೂಟನ್ ಭಾಗಿಸು ಮಿಲಿಮೀಟರ್, ಗುಣಿಸು ಮಿಲಿಮೀಟರಿನ ನಾಲ್ಕನೆಯ ಘಾತ, ಒಟ್ಟು ನ್ಯೂಟನ್ ಗುಣಿಸು ಮಿಲಿಮೀಟರಿನ ಮೂರನೆಯ ಘಾತ. ಕೆಳಗೆ ನ್ಯೂಟನ್ ಗುಣಿಸು ಮಿಲಿಮೀಟರಿನ ಎರಡನೆಯ ಘಾತ. ಉಳಿಯುವುದು ಒಂದೇ ಮಿಲಿಮೀಟರ್. ಸೂತ್ರದಲ್ಲಿ ಉದ್ದದ ಘಾತವನ್ನು ತಪ್ಪಿ ಮೂರು ಎಂದು ಬರೆದಿದ್ದರೆ ಮಿಲಿಮೀಟರ್ ಉಳಿಯುವುದೇ ಇಲ್ಲ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಆದರೆ 5ರ ಬದಲು 3 ಎಂದೋ, 384ರ ಬದಲು 348 ಎಂದೋ ಬರೆದಿದ್ದರೆ ಈ ಪರೀಕ್ಷೆಗೆ ಅದು ಕಾಣುವುದಿಲ್ಲ.

ಸೆಂಟಿಮೀಟರಿನ ಪಟ್ಟಿ

ಉಕ್ಕಿನ ಸೆಕ್ಷನ್‌ಗಳ ಪಟ್ಟಿಗಳಲ್ಲಿ ಅನೇಕವು ಸೆಂಟಿಮೀಟರಿನಲ್ಲಿವೆ. ನಮ್ಮ ಅಡ್ಡಕೊಯ್ತವನ್ನು ಅಂಥ ಪಟ್ಟಿಯಲ್ಲಿ ಬರೆದರೆ ಮೊಮೆಂಟ್ ಆಫ್ ಇನರ್ಷಿಯಾ 1406.25, ಸೆಕ್ಷನ್ ಮಾಡ್ಯುಲಸ್ 187.5 ಎಂದು ಇರುತ್ತದೆ. ಮೊದಲನೆಯದನ್ನು ಹತ್ತು ಸಾವಿರದಿಂದ ಗುಣಿಸಬೇಕು, ಎರಡನೆಯದನ್ನು ಸಾವಿರದಿಂದ. ಒಂದೇ ಸಾಲಿನಲ್ಲಿ ಅಕ್ಕಪಕ್ಕ ನಿಂತಿರುವ ಎರಡು ಅಂಕಣಗಳಿಗೆ ಎರಡು ಬೇರೆ ಗುಣಕ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಎಡವಿದ್ದು ಇಲ್ಲೇ. ಬೆಳಗಿನಿಂದ ಬಾಗಿನ ಲೆಕ್ಕವನ್ನೇ ಮಾಡುತ್ತಿದ್ದೆ, ಹತ್ತು ಸಾವಿರ ಕೈಗೆ ಅಂಟಿಕೊಂಡಿತ್ತು. ಸ್ಟ್ರೆಸ್ ಲೆಕ್ಕಕ್ಕೆ ಬಂದಾಗ ಸೆಕ್ಷನ್ ಮಾಡ್ಯುಲಸ್ಸಿಗೂ ಅದನ್ನೇ ಹಾಕಿದೆ. ಬಂದ ಸ್ಟ್ರೆಸ್ ನಿಜದ ಹತ್ತನೇ ಒಂದು ಭಾಗ. ಪರಿಶೀಲಿಸಿದ ಹಿರಿಯರು ಕ್ಯಾಲ್ಕ್ಯುಲೇಟರನ್ನು ಮುಟ್ಟಲೇ ಇಲ್ಲ. ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಎರಡು ತ್ರಿಕೋನ ಬರೆದು ಮೂರು ಸಾಲಿನಲ್ಲಿ ತಪ್ಪನ್ನು ತೋರಿಸಿದರು. ಅವರು ಅಂದು ಮಾಡಿದ್ದನ್ನು ನಾನು ಇಂದಿಗೂ ಮಾಡುತ್ತೇನೆ. ನಮ್ಮ ತೊಲೆಗೆ ಅದನ್ನು ಹೀಗೆ ಮಾಡಬಹುದು.

ಬಾಗಿದ ತೊಲೆಯ ಮೇಲಿನ ಅರ್ಧ ಒತ್ತಿಸಿಕೊಳ್ಳುತ್ತದೆ, ಕೆಳಗಿನ ಅರ್ಧ ಎಳೆಸಿಕೊಳ್ಳುತ್ತದೆ. ಎರಡೂ ಕಡೆ ಸ್ಟ್ರೆಸ್ ನಡುವಿನಲ್ಲಿ ಸೊನ್ನೆಯಿಂದ ಆರಂಭವಾಗಿ ಅಂಚಿನಲ್ಲಿ ಗರಿಷ್ಠವಾಗುವ ತ್ರಿಕೋನ. ಎರಡು ತ್ರಿಕೋನಗಳ ಕೇಂದ್ರಗಳ ನಡುವಿನ ಅಂತರ ಎತ್ತರದ ಮೂರನೇ ಎರಡು ಭಾಗ, ಅಂದರೆ 100 ಮಿಲಿಮೀಟರ್. 1.2 ಕೋಟಿಯ ಮೊಮೆಂಟನ್ನು 100ರಿಂದ ಭಾಗಿಸಿದರೆ ಒಂದೊಂದು ಅರ್ಧದ ಮೇಲಿನ ಬಲ 1,20,000 ನ್ಯೂಟನ್. ಅರ್ಧದ ವಿಸ್ತೀರ್ಣ 50 ಗುಣಿಸು 75, ಅಂದರೆ 3750 ಚದರ ಮಿಲಿಮೀಟರ್. ಸರಾಸರಿ ಸ್ಟ್ರೆಸ್ 32. ತ್ರಿಕೋನವಾದ್ದರಿಂದ ಗರಿಷ್ಠ ಅದರ ಎರಡರಷ್ಟು, 64.

ಇದರ ಬೆಲೆ ಎಲ್ಲಿದೆ ಎಂದರೆ, ಈ ದಾರಿಯಲ್ಲಿ ಮೊಮೆಂಟ್ ಆಫ್ ಇನರ್ಷಿಯಾವೂ ಇಲ್ಲ, ಸೆಕ್ಷನ್ ಮಾಡ್ಯುಲಸ್ಸೂ ಇಲ್ಲ, ಪಟ್ಟಿಯೂ ಇಲ್ಲ. ಅದೇ ಸೂತ್ರಕ್ಕೆ ಅದೇ ಅಂಕಿಗಳನ್ನು ಮತ್ತೊಮ್ಮೆ ಹಾಕಿ ನೋಡುವುದು ಪರಿಶೀಲನೆಯಲ್ಲ, ಕ್ಯಾಲ್ಕ್ಯುಲೇಟರ್ ಸರಿ ಇದೆಯೇ ಎಂಬ ಪರೀಕ್ಷೆ ಅಷ್ಟೇ. ಐ ಆಕಾರದ ಸೆಕ್ಷನ್ ಆದರೆ ಇನ್ನೂ ಸುಲಭ. ಮೊಮೆಂಟನ್ನು ಎರಡು ಫ್ಲೇಂಜ್‌ಗಳ ನಡುವಿನ ಅಂತರದಿಂದ ಭಾಗಿಸಿ, ಬಂದ ಬಲವನ್ನು ಒಂದು ಫ್ಲೇಂಜಿನ ವಿಸ್ತೀರ್ಣದಿಂದ ಭಾಗಿಸಿ. ನಡುವಿನ ವೆಬ್ಬಿನ ಪಾಲನ್ನು ಬಿಟ್ಟದ್ದರಿಂದ ಉತ್ತರ ತುಸು ಹೆಚ್ಚು ಬರುತ್ತದೆ, ಆದರೆ ಹತ್ತು ಪಟ್ಟು ಹೆಚ್ಚು ಬರುವುದಿಲ್ಲ. ನಮಗೆ ತಿಳಿಯಬೇಕಾದದ್ದು ಅಷ್ಟೇ.

ಏಕಮಾನವನ್ನು ಬಚ್ಚಿಟ್ಟುಕೊಂಡ ಸೂತ್ರಗಳು

ಇದುವರೆಗಿನ ಸೂತ್ರಗಳು ಯಾವ ಕೂಟಕ್ಕೂ ಒಗ್ಗುತ್ತವೆ. ಎಲ್ಲವನ್ನೂ ನ್ಯೂಟನ್, ಮೀಟರ್, ಪಾಸ್ಕಲ್‌ನಲ್ಲಿ ಕೊಟ್ಟರೂ ಸರಿಯಾದ ಉತ್ತರವೇ ಬರುತ್ತದೆ. ಪ್ರಯೋಗದ ಅಂಕಿಗಳಿಂದ ಕಟ್ಟಿದ ಸೂತ್ರಗಳು ಹಾಗಲ್ಲ. ಐಎಸ್ 456 ಸಂಹಿತೆಯಲ್ಲಿ ಕಾಂಕ್ರೀಟಿನ ಸ್ಥಿತಿಸ್ಥಾಪಕ ಮಾಡ್ಯುಲಸ್ಸಿಗೆ ಕೊಟ್ಟಿರುವ ಸೂತ್ರ `5000√fck`. ಇಲ್ಲಿ `fck` ಎಂಬ ಕಾಂಕ್ರೀಟಿನ ಒತ್ತು ತಾಳುವ ಸಾಮರ್ಥ್ಯವೂ ಉತ್ತರವೂ ಚದರ ಮಿಲಿಮೀಟರಿಗೆ ನ್ಯೂಟನ್‌ನಲ್ಲಿ ಇರಬೇಕೆಂಬುದು ಆ 5000ದ ಒಳಗೆ ಅಡಗಿದೆ. 25 ಮೆಗಾಪಾಸ್ಕಲ್ ಕಾಂಕ್ರೀಟಿಗೆ 5000 ಗುಣಿಸು 5, ಅಂದರೆ 25,000 ಮೆಗಾಪಾಸ್ಕಲ್. ಅದೇ ಕಾಂಕ್ರೀಟನ್ನು 2.5 ಕೋಟಿ ಪಾಸ್ಕಲ್ ಎಂದು ಹಾಕಿದರೆ ವರ್ಗಮೂಲ 5000, ಉತ್ತರ 2.5 ಕೋಟಿ. ಅದನ್ನು ಪಾಸ್ಕಲ್ ಎಂದು ಓದಿದರೆ ಬರೀ 25 ಮೆಗಾಪಾಸ್ಕಲ್. ಕೊಟ್ಟದ್ದೂ ಪಾಸ್ಕಲ್, ತೆಗೆದುಕೊಂಡದ್ದೂ ಪಾಸ್ಕಲ್, ಆದರೂ ಸಾವಿರ ಪಟ್ಟು ತಪ್ಪು. ವರ್ಗಮೂಲದ ಒಳಗೆ ಸ್ಟ್ರೆಸ್ ಕಂಡು, ಹೊರಗಿನ ಗುಣಕಕ್ಕೆ ಏಕಮಾನ ಹೇಳಿಲ್ಲದಿದ್ದರೆ ಅಲ್ಲಿ ನಿಂತು, ಸೂತ್ರ ಯಾವ ಏಕಮಾನಕ್ಕೆ ಬರೆದದ್ದು ಎಂದು ಓದಿಯೇ ಮುಂದೆ ಹೋಗಬೇಕು.

ದ್ರವ್ಯರಾಶಿ: ಕೂಟದಲ್ಲಿ ಕಿಲೋಗ್ರಾಂಗೆ ಜಾಗವಿಲ್ಲ

ತೂಕ ಮತ್ತು ಕಂಪನದ ಲೆಕ್ಕಕ್ಕೆ ಕಾಲಿಟ್ಟಾಗ ಕೂಟದ ನಾಲ್ಕನೆಯ ಸದಸ್ಯ ಹೊರಬರುತ್ತದೆ. ಒಂದು ಕಿಲೋಗ್ರಾಂಗೆ ಸೆಕೆಂಡಿನ ವರ್ಗಕ್ಕೆ ಒಂದು ಮೀಟರ್ ವೇಗೋತ್ಕರ್ಷ ಕೊಡುವ ಬಲ ಒಂದು ನ್ಯೂಟನ್. ನಮ್ಮ ಉದ್ದ ಮಿಲಿಮೀಟರ್ ಆದ್ದರಿಂದ ವೇಗೋತ್ಕರ್ಷದ ಅಂಕಿ ಸಾವಿರ ಪಟ್ಟು ದೊಡ್ಡದಾಗುತ್ತದೆ, ಗುರುತ್ವ 9.81 ಅಲ್ಲ, 9810. ಬಲ ನ್ಯೂಟನ್ ಆಗಿಯೇ ಉಳಿಯಬೇಕಾದರೆ ದ್ರವ್ಯರಾಶಿಯ ಅಂಕಿ ಸಾವಿರ ಪಟ್ಟು ಚಿಕ್ಕದಾಗಬೇಕು, ಅಂದರೆ ಅದು ಟನ್‌ನಲ್ಲಿರಬೇಕು. ಘನ ಮೀಟರಿಗೆ 7850 ಕಿಲೋಗ್ರಾಂ ಇರುವ ಉಕ್ಕಿನ ಸಾಂದ್ರತೆ ಈ ಕೂಟದಲ್ಲಿ ಘನ ಮಿಲಿಮೀಟರಿಗೆ `7.85e-9` ಟನ್.

ಇದನ್ನು ಒಪ್ಪಿಕೊಳ್ಳಲು ಮನಸ್ಸು ಹಿಂಜರಿಯುತ್ತದೆ. ಘನ ಮಿಲಿಮೀಟರಿಗೆ `7.85e-6` ಕಿಲೋಗ್ರಾಂ ಎಂದು ಹಾಕಿ, ಗುರುತ್ವವನ್ನು 9.81 ಎಂದೇ ಬಿಟ್ಟರೆ ಏನಾಗುತ್ತದೆ? ತೂಕ ಸರಿಯಾಗಿಯೇ ಬರುತ್ತದೆ. ನಮ್ಮ ತೊಲೆಯ 7500 ಚದರ ಮಿಲಿಮೀಟರಿಗೆ ಎರಡೂ ದಾರಿಯಲ್ಲಿ ಮಿಲಿಮೀಟರಿಗೆ 0.578 ನ್ಯೂಟನ್. ಅದರಿಂದ ಸ್ಟ್ರೆಸ್ 6.2 ಹೆಚ್ಚಾಗಿ ಒಟ್ಟು 70.2 ಮೆಗಾಪಾಸ್ಕಲ್ ಆಗುತ್ತದೆ. ಹೀಗೆ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಆ ಸಾಂದ್ರತೆ ಕಡತದಿಂದ ಕಡತಕ್ಕೆ ನಕಲಾಗುತ್ತಾ ಹೋಗುತ್ತದೆ.

ಒಂದು ದಿನ ಯಾರೋ ಅದೇ ಕಡತದಲ್ಲಿ ಕಂಪನದ ಆವೃತ್ತಿಯನ್ನು ಕೇಳುತ್ತಾರೆ. ಅಲ್ಲಿ ಗುರುತ್ವದ ಮಾತೇ ಇಲ್ಲ, ಎರಡು ತಪ್ಪುಗಳಲ್ಲಿ ಒಂದು ಮರೆಯಾಗಿ ಇನ್ನೊಂದು ಒಂಟಿಯಾಗಿ ಉಳಿಯುತ್ತದೆ. ನಮ್ಮ ತೊಲೆ ತನ್ನ ಸ್ವಂತ ದ್ರವ್ಯರಾಶಿಯೊಂದಿಗೆ ಮಾತ್ರ ಕಂಪಿಸಿದರೆ ಮೊದಲ ಆವೃತ್ತಿ 21.5 ಹರ್ಟ್ಸ್. ಕಿಲೋಗ್ರಾಂನ ಸಾಂದ್ರತೆಯಿಂದ ಬರುವುದು 0.68 ಹರ್ಟ್ಸ್. ಆವೃತ್ತಿಯು ದ್ರವ್ಯರಾಶಿಯ ವರ್ಗಮೂಲಕ್ಕೆ ವಿಲೋಮವಾದ್ದರಿಂದ ವ್ಯತ್ಯಾಸ ಸಾವಿರದ ವರ್ಗಮೂಲ, 31.6 ಪಟ್ಟು.

ಇದಕ್ಕೂ ಕೈಯಲ್ಲಿ ಮಾಡುವ ಪರೀಕ್ಷೆ ಇದೆ. ಸರಳ ಆಧಾರದ ತೊಲೆ ಸ್ವಂತ ತೂಕದಿಂದ ಎಷ್ಟು ಮಿಲಿಮೀಟರ್ ಬಾಗುತ್ತದೋ ಅದರ ವರ್ಗಮೂಲದಿಂದ 18ನ್ನು ಭಾಗಿಸಿದರೆ ಆವೃತ್ತಿ ಹೆಚ್ಚುಕಡಿಮೆ ಹರ್ಟ್ಸ್‌ನಲ್ಲಿ ಸಿಗುತ್ತದೆ. ನಮ್ಮ ತೊಲೆಯ ಸ್ವಂತ ಬಾಗು 0.685 ಮಿಲಿಮೀಟರ್, ಅದರ ವರ್ಗಮೂಲ 0.83, ಉತ್ತರ 21.7. ಒಂದು ಮಿಲಿಮೀಟರ್ ಕೂಡ ಬಾಗದ ತೊಲೆ ಸೆಕೆಂಡಿಗೆ ಒಂದು ಸಲವೂ ಆಡದಷ್ಟು ನಿಧಾನವಾಗಿ ತೂಗಾಡಲು ಸಾಧ್ಯವಿಲ್ಲ. ಈ ಸೂತ್ರದ 18ರ ಒಳಗೂ ಮಿಲಿಮೀಟರ್ ಅಡಗಿದೆ ಎಂಬುದನ್ನು ಗಮನಿಸಿ.

ಯಾವ ಉತ್ತರ ಯಾವ ತಪ್ಪನ್ನು ತೋರಿಸುತ್ತದೆ

ತಂತ್ರಾಂಶಗಳಲ್ಲಿ ಫೈನೈಟ್ ಎಲಿಮೆಂಟ್ ಲೆಕ್ಕ ಮಾಡುವವರಿಗೆ ಕೊನೆಯ ಹೆಜ್ಜೆ. ಇವುಗಳಲ್ಲಿ ಹಲವು ಏಕಮಾನವನ್ನು ಕೇಳುವುದೇ ಇಲ್ಲ. ಕೊಟ್ಟ ಅಂಕಿಗಳನ್ನು ಗುಣಿಸಿ ಭಾಗಿಸಿ ಅಂಕಿಯನ್ನೇ ಹಿಂದಿರುಗಿಸುತ್ತವೆ. ಆದ್ದರಿಂದ ಬಣ್ಣದ ಚಿತ್ರವನ್ನು ನೋಡುವ ಮೊದಲು ಮೂರು ಅಂಕಿಗಳನ್ನು ಈ ಕ್ರಮದಲ್ಲಿ ನೋಡಿ.

ಮೊದಲನೆಯದು ಆಧಾರಗಳ ಪ್ರತಿಕ್ರಿಯೆಗಳ ಮೊತ್ತ. ನಮ್ಮ ತೊಲೆಗೆ, ಹರಡಿದ ಭಾರ ಮಾತ್ರ ಇದ್ದಾಗ, ಅದು 6 ಗುಣಿಸು 4000, ಅಂದರೆ 24,000 ನ್ಯೂಟನ್. 24 ಬಂದಿದ್ದರೆ ಉದ್ದ ಮೀಟರಿನಲ್ಲಿ ಉಳಿದಿದೆ. ಸುಮಾರು 2400 ಬಂದಿದ್ದರೆ 9.81 ಬಿಟ್ಟುಹೋಗಿದೆ.

ಎರಡನೆಯದು ಸ್ಟ್ರೆಸ್. ಪ್ರತಿಕ್ರಿಯೆ ಸರಿಯಿದ್ದು ಸ್ಟ್ರೆಸ್ ತಪ್ಪಿದ್ದರೆ ದೋಷ ಅಡ್ಡಕೊಯ್ತದ ಅಂಕಿಗಳಲ್ಲಿದೆ, ಎರಡು ತ್ರಿಕೋನದ ಲೆಕ್ಕ ಅದನ್ನು ಹಿಡಿಯುತ್ತದೆ. ಸರಳ ಆಧಾರದ ತೊಲೆಯಲ್ಲಿ ಸ್ಟ್ರೆಸ್ ಯಂಗ್ ಮಾಡ್ಯುಲಸ್ಸನ್ನು ಅವಲಂಬಿಸಿಯೇ ಇಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಎರಡು ಲಕ್ಷದ ಬದಲು 200 ಎಂದು ಗಿಗಾಪಾಸ್ಕಲ್‌ನ ಅಂಕಿಯನ್ನೇ ಹಾಕಿದ್ದರೂ ಸ್ಟ್ರೆಸ್ 64 ಎಂದೇ ಬರುತ್ತದೆ. ಸ್ಟ್ರೆಸ್ ಒಂದನ್ನೇ ನೋಡಿ ಮಾದರಿ ಸರಿಯಿದೆ ಎಂದು ಸಹಿ ಹಾಕಿದವರನ್ನು ನಾನು ಕಂಡಿದ್ದೇನೆ.

ಮೂರನೆಯದು ಬಾಗು, ಗಿಗಾಪಾಸ್ಕಲ್‌ನ ತಪ್ಪು ಹೊರಬೀಳುವುದು ಇಲ್ಲಿ. 7.1 ಬರಬೇಕಾದ ಕಡೆ 7111 ಮಿಲಿಮೀಟರ್ ಬರುತ್ತದೆ, 4 ಮೀಟರಿನ ತೊಲೆ 7 ಮೀಟರ್ ಬಾಗಿದಂತೆ. ತಂತ್ರಾಂಶ ಬಾಗನ್ನು ಚಿತ್ರಕ್ಕೆ ಹೊಂದುವಂತೆ ತಾನೇ ಕುಗ್ಗಿಸಿ ತೋರಿಸುವುದರಿಂದ ಚಿತ್ರದಲ್ಲಿ ಏನೂ ಅಸಹಜ ಕಾಣುವುದಿಲ್ಲ, ಅಂಕಿಯನ್ನೇ ಓದಬೇಕು.

ಈ ಕ್ರಮದಲ್ಲಿ ನೋಡಿದವರಿಗೆ ಕಂಪನದ ಒಗಟೂ ಬಿಡಿಸಿಕೊಳ್ಳುತ್ತದೆ. ಯಂಗ್ ಮಾಡ್ಯುಲಸ್ ಸಾವಿರ ಪಟ್ಟು ಚಿಕ್ಕದಾದರೂ ಆವೃತ್ತಿ 31.6 ಪಟ್ಟು ಇಳಿಯುತ್ತದೆ, ಸಾಂದ್ರತೆ ಸಾವಿರ ಪಟ್ಟು ದೊಡ್ಡದಾದರೂ ಅಷ್ಟೇ ಇಳಿಯುತ್ತದೆ. ಎರಡರಲ್ಲೂ ಪರದೆಯ ಮೇಲೆ ಅದೇ 0.68 ಹರ್ಟ್ಸ್. ಹರಡಿದ ಭಾರಕ್ಕೆ ಬಾಗು 7111 ಎಂದಿದ್ದರೆ ಮಾಡ್ಯುಲಸ್ಸನ್ನು ತಿದ್ದಿ. 7.1 ಎಂದೇ ಇದ್ದರೆ ಸಾಂದ್ರತೆಯ ಸಾಲನ್ನು ತೆರೆದು `e-6` ಇದ್ದಲ್ಲಿ `e-9` ಮಾಡಿ, ಗುರುತ್ವವನ್ನು 9810 ಮಾಡಿ, ಮತ್ತೆ ಓಡಿಸಿ.